ಒಂದೇ ಮನೆಯ ಎರಡು ಸೋರುವ ಕಿವಿ: ಒಂದಕ್ಕೆ ಆ್ಯಂಟಿಬಯಾಟಿಕ್ ಮಾತ್ರೆ, ಇನ್ನೊಂದಕ್ಕೆ ಬರೀ ಹನಿ

ಮಂಡ್ಯದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನದು ಚಿಕ್ಕ ಕ್ಲಿನಿಕ್. ಹೋದ ದಸರಾ ರಜೆಯಲ್ಲಿ ಒಬ್ಬ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಒಟ್ಟಿಗೇ ಕರೆದುಕೊಂಡು ಬಂದರು. ಹುಡುಗಿಗೆ ನಾಲ್ಕು ವರ್ಷ, ಅವಳ ಅಣ್ಣನಿಗೆ ಹತ್ತು. ಇಬ್ಬರಿಗೂ ಕಿವಿ ನೋವು, ಇಬ್ಬರಿಗೂ ಸೋರುತ್ತಿತ್ತು. ನಾನು ಹುಡುಗಿಗೆ ಆ್ಯಂಟಿಬಯಾಟಿಕ್ ಮಾತ್ರೆ ಬರೆದೆ, ಹುಡುಗನಿಗೆ ಬರೀ ಕಿವಿಗೆ ಹಾಕುವ ಹನಿ. ಅಜ್ಜಿಗೆ ಸಿಟ್ಟು ಬಂತು.

"ಏನ್ ಡಾಕ್ಟ್ರೇ, ಇಬ್ರಿಗೂ ಕಿವಿನೇ ಸೋರ್ತಾ ಅದೆ. ಹುಡುಗಂಗೆ ಮಾತ್ರೆನೇ ಕೊಡ್ನಿಲ್ವಲ್ಲ?"

ಮೆಡಿಕಲ್ ಶಾಪಿನವನೂ ಫೋನ್ ಮಾಡಿ ಕೇಳಿದ, "ಸಾರ್, ಚೀಟೀಲಿ ಒಂದು ಬಿಟ್ಟು ಹೋಗಿದೆ ಅನ್ಸುತ್ತೆ." ಪಕ್ಕದ ಊರಿನಲ್ಲಿ ಪ್ರಾಕ್ಟೀಸ್ ಮಾಡುವ ಗೆಳೆಯನೊಬ್ಬ, "ಹಿಂಗೆ ಮಾಡಿದ್ರೆ ಪೇಷೆಂಟ್ ಉಳಿಯಲ್ಲ ಕಣಯ್ಯ" ಅಂದ. ಉಳಿದಿದ್ದಾರೆ, ಆ ಮಾತು ಆಮೇಲೆ.

ಮೊದಲು ನನ್ನ ತಪ್ಪು. ಏಳೆಂಟು ವರ್ಷದ ಹಿಂದೆ ನಾಲೆಯಲ್ಲಿ ಈಜಿ ಕಿವಿ ನೋವು ತಂದುಕೊಂಡ ಹುಡುಗನೊಬ್ಬನಿಗೆ ಒಂದಾದ ಮೇಲೊಂದು ಮೂರು ಕೋರ್ಸ್ ಆ್ಯಂಟಿಬಯಾಟಿಕ್ ಕುಡಿಸಿದೆ. ಅವನಿಗೆ ಭೇದಿ ಶುರುವಾಯಿತು. ಕಿವಿಯ ದಾರಿ ಊದಿ ಮುಚ್ಚಿಯೇ ಹೋಯಿತು. ಅವರ ಅಪ್ಪ ಔಷಧಿಗೆ ಸಾವಿರದ ಮೇಲೆ ಖರ್ಚು ಮಾಡಿದ್ದರು. ಕೊನೆಗೆ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದೆ. ಅವರು ಊದಿದ ದಾರಿಯೊಳಗೆ ಔಷಧಿ ಹೀರುವ ಒಂದು ಬತ್ತಿ ತೂರಿಸಿ, ಅದರ ಮೇಲೆ ಹನಿ ಹಾಕಿದರು. ಎರಡು ಮೂರು ದಿನಕ್ಕೆ ಹುಡುಗ ಆರಾಮಾಗಿ ನಿದ್ದೆ ಮಾಡಿದ. ನೀರಿನಿಂದ ಬರುವ ಸೋಂಕು ಕಿವಿ ದಾರಿಯ ಚರ್ಮದ್ದು. ಹನಿ ಹಾಕಿದರೆ ಔಷಧಿ ಅಲ್ಲಿಗೇ ನೇರವಾಗಿ, ಭಾರಿ ಪ್ರಮಾಣದಲ್ಲಿ ಮುಟ್ಟುತ್ತದೆ. ಬಾಯಿಂದ ಕೊಟ್ಟದ್ದು ಅಷ್ಟು ಮುಟ್ಟುವುದಿಲ್ಲ. ಓದಿದ್ದೇ ಆದರೂ ಕೈ ಅಭ್ಯಾಸ ಬಿಡಬೇಕಲ್ಲ.

ಈಗ ಆ ಅಣ್ಣ ತಂಗಿ. ಹುಡುಗಿಗೆ ಐದು ದಿನದಿಂದ ನೆಗಡಿ. ಹಿಂದಿನ ರಾತ್ರಿ 102 ಡಿಗ್ರಿ ಜ್ವರ, ಕಿವಿ ಹಿಡಿದುಕೊಂಡು ಕಿರುಚಾಟ. ಬೆಳಗಿನ ಜಾವ ಇದ್ದಕ್ಕಿದ್ದಂತೆ ಅಳು ನಿಂತಿತು. ಎದ್ದು ನೋಡಿದರೆ ದಿಂಬು ಒದ್ದೆ. ಈ ಒಂದು ಮಾತು ಅಜ್ಜಿ ಬಾಯಲ್ಲಿ ಬಂದಾಗಲೇ ಅರ್ಧ ಗೊತ್ತಾಯಿತು. ನೆಗಡಿಯಿಂದ ಕಿವಿ ತಮಟೆಯ ಹಿಂದೆ ತುಂಬಿದ್ದ ಕೀವು ತಮಟೆ ಒಡೆದು ಹೊರಗೆ ಬಂದಿತ್ತು. ಒತ್ತಡ ಇಳಿದು ನೋವೂ ಇಳಿದಿತ್ತು.

ಹುಡುಗನಿಗೆ ನೆಗಡಿಯೂ ಇಲ್ಲ, ಜ್ವರವೂ ಇಲ್ಲ. ರಜೆ ಅಂತ ದಿನವೂ ನಾಲೆಯಲ್ಲಿ ಈಜು. ಮುದ್ದೆ ಉಣ್ಣುವಾಗ ಏನೂ ಆಗಲ್ಲ, ಕಡಲೆಕಾಯಿ ತಿಂದರೆ ನೋವು ಅಂದ. ನಕ್ಕೆ. ಮುದ್ದೆ ನುಂಗುತ್ತೇವೆ, ಅಗಿಯುವುದಿಲ್ಲ. ದವಡೆ ಆಡಿದಾಗ ಕಿವಿ ದಾರಿ ಎಳೆದಂತಾಗುತ್ತದೆ, ಅದಕ್ಕೇ ಆ ನೋವು. ಕಿವಿ ತೂತಿನ ಮುಂದಿರುವ ಮಿದು ಗುಬುಟು ಒತ್ತಿದೆ, ಹುಡುಗ ಹಾರಿಬಿದ್ದ. ತಂಗಿಗೆ ಅದೇ ಜಾಗ ಒತ್ತಿದರೆ ನನ್ನ ಮುಖ ನೋಡುತ್ತಾ ಕೂತಿದ್ದಳು.

ಆಮೇಲೆ ನನ್ನ ಬತ್ತಿ. ಟಾರ್ಚ್ ಹಾಕಿ ನೋಡುವ ಮೊದಲು ನಾನು ಬತ್ತಿ ಹಾಕುತ್ತೇನೆ, ಯಾಕೆಂದರೆ ಕೀವು ತುಂಬಿದ ಕಿವಿಯಲ್ಲಿ ಏನೂ ಕಾಣುವುದಿಲ್ಲ. (ಆನ್‌ಲೈನಿನಲ್ಲಿ ಸಾವಿರದೈನೂರು ಕೊಟ್ಟು ಕ್ಯಾಮೆರಾ ಇರುವ ಕಡ್ಡಿಯೊಂದನ್ನು ತರಿಸಿದ್ದೆ. ಫೋನಿನಲ್ಲಿ ಬರೀ ಹಳದಿ ಮಂಜು. ಈಗ ಡ್ರಾಯರಿನಲ್ಲಿದೆ.) ಹಳೇ ಪಂಚೆಯ ಮಿದು ಬಟ್ಟೆ ಕುದಿಸಿ ಒಣಗಿಸಿ, ತುಂಡು ಮಾಡಿ, ತುದಿ ಚೂಪಾಗಿ ಹೊಸೆದರೆ ಬತ್ತಿ ರೆಡಿ. ಟಿಶ್ಯೂ ಕಾಗದವೂ ಆಗುತ್ತದೆ, ಆದರೆ ಅಗ್ಗದ್ದು ಒಳಗೇ ಹರಿಯುತ್ತದೆ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ತರುವವರನ್ನು ಕಂಡರೆ ನನಗೆ ಕೋಪ. ಬತ್ತಿ ಒದ್ದೆಯಾದರೆ ತೆಗೆದು ಇನ್ನೊಂದು, ಒಣಗಿ ಬರುವತನಕ. ಹುಡುಗಿಯ ಬತ್ತಿ ಎಳೆದರೆ ಲೋಳೆ ನೂಲಿನ ಹಾಗೆ ಎಳೆಯಾಗಿ ಬಂತು. ಕಿವಿ ದಾರಿಯಲ್ಲಿ ಲೋಳೆ ಮಾಡುವ ಗ್ರಂಥಿಗಳೇ ಇಲ್ಲ, ಹಾಗಾಗಿ ಎಳೆ ಬಂದರೆ ಅದು ತಮಟೆಯ ಹಿಂದಿನದ್ದೇ. ಹುಡುಗನ ಬತ್ತಿಗೆ ಹತ್ತಿದ್ದು ನೀರು ನೀರಾದ ಸ್ವಲ್ಪ ಕೊಳಕು. ಮಗು ಅಲ್ಲಾಡದೆ ಕೂರುವಂತೆ ಮಾಡುವ ಉಪಾಯ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ಕ್ಲಿನಿಕ್ಕಿಗೆ ಬಂದವರು ನೋಡಿ ಕಲಿಯಲಿ.

ನೆಗಡಿ ಕಿವಿಗೆಲ್ಲ ಆ್ಯಂಟಿಬಯಾಟಿಕ್ ಬೇಕಿಲ್ಲ. ಎರಡು ವರ್ಷ ದಾಟಿದ ಮಗು, ಸೋರುತ್ತಿಲ್ಲ, ಜ್ವರ ನೋವು ಸಾಧಾರಣ ಅಂದರೆ ಬರೀ ಪ್ಯಾರಾಸಿಟಮಾಲ್ ಕೊಟ್ಟು ಎರಡು ಮೂರು ದಿನ ಕಾಯುತ್ತೇನೆ. ಮೊದಲು "ಕಡಿಮೆ ಆಗದಿದ್ದರೆ ಮಾತ್ರ ಕೊಳ್ಳಿ" ಅಂತ ಚೀಟಿ ಕೊಡುತ್ತಿದ್ದೆ. ಎಲ್ಲರೂ ಮನೆಗೆ ಹೋಗುವ ದಾರಿಯಲ್ಲೇ ಕೊಂಡುಬಿಟ್ಟರು! ಈಗ ಚೀಟಿ ಕೊಡಲ್ಲ, ಫೋನ್ ಮಾಡಿಸುತ್ತೇನೆ. ಹೋದ ಮಳೆಗಾಲ ಮೂವತ್ತು ನಲವತ್ತು ಮಕ್ಕಳನ್ನು ಕಾಯಿಸಿರಬೇಕು, ಆಮೇಲೆ ಬರೆಯಬೇಕಾದದ್ದು ಹತ್ತರ ಆಸುಪಾಸು. ಆರು ತಿಂಗಳೊಳಗಿನ ಕೂಸು, ಎರಡು ವರ್ಷದೊಳಗೆ ಎರಡೂ ಕಿವಿ, ಭಾರಿ ನೋವು ಅಥವಾ 102 ದಾಟಿದ ಜ್ವರ, ಇಲ್ಲವೇ ನೆಗಡಿ ಕಿವಿ ಒಡೆದು ಸೋರುವುದು: ಇವರನ್ನು ಕಾಯಿಸಲ್ಲ. ಹುಡುಗಿ ಈ ಸಾಲಿನವಳು.

ಇಲ್ಲಿ ದುಡ್ಡಿನ ವಿಷಯ. ಅವಳ ತೂಕ 14 ಕೆಜಿ. ಅಮಾಕ್ಸಿಸಿಲಿನ್ ಕೆಜಿಗೆ ದಿನಕ್ಕೆ 80ರಿಂದ 90 ಮಿಲಿಗ್ರಾಂ ಲೆಕ್ಕ. ಐದು ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ ಬರೆದರೆ ಹೊತ್ತಿಗೆ ಹನ್ನೆರಡು ಎಂಎಲ್, ಚಿಕ್ಕ ಬಾಟಲಿ ಒಂದೂವರೆ ದಿನಕ್ಕೆ ಖಾಲಿ. ಬಾಟಲಿ ಮುಗಿದರೆ ಕೋರ್ಸೂ ಮುಗಿಯಿತು ಅಂತ ಮನೆಯವರ ಲೆಕ್ಕ. ನನ್ನ ಸೋಲುಗಳಲ್ಲಿ ಅರ್ಧ ಈ ಬಾಟಲಿಯವೇ. ಅದಕ್ಕೇ ನೀರಿನಲ್ಲಿ ಕರಗುವ 250ರ ಮಾತ್ರೆ, ಬೆಳಗ್ಗೆ ಎರಡೂವರೆ, ರಾತ್ರಿ ಎರಡೂವರೆ, ಏಳು ದಿನ. ಮೂವತ್ತೈದು ಮಾತ್ರೆ, ನೂರು ರೂಪಾಯಿ ಚಿಲ್ಲರೆ. ಪೆನಿಸಿಲಿನ್ ಗುಂಪಿನ ಔಷಧಿಗೆ ಹಿಂದೆ ಅಲರ್ಜಿ ಆಗಿತ್ತಾ ಅಂತ ಕೇಳಿಯೇ ಬರೆದೆ. ಜೊತೆಗೆ ದಿನಕ್ಕೆ ಮೂರು ನಾಲ್ಕು ಸಲ ಬತ್ತಿ.

ಹುಡುಗನಿಗೆ ಸೋಂಕು ಕೊಲ್ಲುವ ಸಿಪ್ರೊಫ್ಲಾಕ್ಸಸಿನ್ ಮತ್ತು ಊತ ಇಳಿಸುವ ಡೆಕ್ಸಾಮೆಥಸೋನ್ ಸೇರಿದ ಹನಿ, ನಾಲ್ಕು ಹನಿ ಎರಡು ಹೊತ್ತು ಏಳು ದಿನ. ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಿ, ಐದು ನಿಮಿಷ ಮಗ್ಗುಲಲ್ಲಿ ಮಲಗಿಸಬೇಕು. ತಣ್ಣಗಿನ ಹನಿ ತಲೆ ಸುತ್ತಿಸುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಈಜು ಬಂದ್. ಕಿವಿಯ ಹಾಲೆಗೂ ಕೆಂಪು ಹಬ್ಬಿದ್ದರೆ ಅಥವಾ ಜ್ವರ ಇದ್ದಿದ್ದರೆ ಅವನಿಗೂ ಮಾತ್ರೆ ಬರೆಯುತ್ತಿದ್ದೆ. ಜೆಂಟಾಮೈಸಿನ್ ಹನಿ ಅಗ್ಗ, ಆದರೆ ತಮಟೆ ತೂತಾಗಿದ್ದರೆ ಒಳಗಿವಿಗೆ ಹಾನಿ. ತಮಟೆ ಸರಿಯಾಗಿ ಕಾಣದಿದ್ದಾಗ ಅದನ್ನು ಮುಟ್ಟಲ್ಲ.

ಅಜ್ಜಿ ಬೆಳ್ಳುಳ್ಳಿ ಎಣ್ಣೆ ಕಾಸಿಟ್ಟಿದ್ದರು. ಬೇಡ ಅಂದೆ. ಎಣ್ಣೆ ಬಿಟ್ಟ ಕಿವಿಯಲ್ಲಿ ಬೂಷ್ಟು ಬೆಳೆದು ಕರೀ ಚುಕ್ಕೆ ಬಿದ್ದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಿವಿ ಹಿಂದೆ ಊದಿ ಕಿವಿ ಮುಂದಕ್ಕೆ ತಳ್ಳಿದಂತೆ ಕಂಡರೆ, ಬಾಯಿ ಸೊಟ್ಟಗಾದರೆ, ಕುತ್ತಿಗೆ ಬಿಗಿದರೆ ನನ್ನ ದಾರಿ ನೋಡದೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ ಅಂದೆ.

ಮೂರನೇ ದಿನ ಹುಡುಗ ಕಡಲೆಕಾಯಿ ತಿನ್ನುತ್ತಾ ಬಂದ. ಹುಡುಗಿಗೆ ಎರಡನೇ ದಿನಕ್ಕೆ ಜ್ವರ ಬಿಟ್ಟಿತು, ಐದಕ್ಕೆ ಬತ್ತಿ ಒಣಗಿ ಬಂತು. ಮೂರು ವಾರ ಬಿಟ್ಟು ನೋಡಿದೆ, ತಮಟೆ ಮುಚ್ಚಿತ್ತು.

ಸಂಕ್ರಾಂತಿ ಕಳೆದ ಮೇಲೆ ಅದೇ ಅಜ್ಜಿ ಪಕ್ಕದ ಮನೆ ಮಗುವನ್ನು ಕರೆತಂದರು, ಬತ್ತಿಯನ್ನೂ ಹೊಸೆದುಕೊಂಡು. "ಇದು ನೆಗಡಿ ಕಿವಿ ಡಾಕ್ಟ್ರೇ, ನಾನೇ ಒತ್ತಿ ನೋಡ್ದೆ." ಎಷ್ಟು ದಿನದಿಂದ ಅಂದೆ. ತಿಂಗಳಾಯಿತು ಅಂದರು. ಹದಿನಾಲ್ಕು ದಿನ ದಾಟಿದ ಸೋರಿಕೆಗೆ ಕುಡಿಯುವ ಔಷಧಿ ಕೆಲಸಕ್ಕೆ ಬರುವುದು ಕಡಿಮೆ, ಬತ್ತಿ ಮತ್ತು ಹನಿಯೇ ಗತಿ. ಅದನ್ನೇ ಬರೆಯಲು ಪೆನ್ನು ತೆಗೆದೆ. ಬತ್ತಿ ಮೂಗಿಗೆ ಹಿಡಿದರೆ ಕೊಳೆತ ವಾಸನೆ, ಅಂದರೆ ಒಳಗೆ ಬರೀ ಕೀವಲ್ಲ, ಬೇರೇನೋ ಇರಬಹುದು. ಹನಿ ಬರೆಯದೆ ಇಎನ್‌ಟಿಗೆ ಚೀಟಿ ಬರೆದೆ.