ಕೈಗಾಡಿಯ ಅಚ್ಚು ಬಾಗಿದ್ದೇಕೆ

ನಮ್ಮ ಅಡಿಕೆ ತೋಟ ಕೆಳಗಿದೆ, ಅಂಗಳ ಮೇಲಿದೆ. ನಡುವಿನ ಏರಿನಲ್ಲಿ ಗೊನೆಗಳನ್ನು ಹೊತ್ತು ಬೆನ್ನು ಸೋತ ಮೇಲೆ ಕೈಗಾಡಿ ಮಾಡಲು ಕೂತೆ. 120 ಸೆಂ.ಮೀ. ಉದ್ದ, 60 ಅಗಲದ, 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆ, 20 ಮಿ.ಮೀ. ಉಕ್ಕಿನ ಸರಳಿನ ಅಚ್ಚು. ಬೇರಿಂಗ್ ಇರುವ, ಟ್ಯೂಬಿನ ಎರಡು ಗಾಲಿಗಳು.

ಹಲಗೆಯ ಕೆಳಗೆ ಎರಡು ಆಂಗಲ್‌ಗಳನ್ನು 40 ಸೆಂ.ಮೀ. ಅಂತರದಲ್ಲಿ ಉದ್ದಕ್ಕೆ ಹಾಕಿ, ಅವಕ್ಕೆ ಅಚ್ಚನ್ನು ಯು-ಬೋಲ್ಟ್‌ಗಳಿಂದ ಬಿಗಿದಿದ್ದೆ. ಗಾಲಿಗಳ ನಡುವೆ 90 ಸೆಂ.ಮೀ. ಬಿಟ್ಟಿದ್ದೆ. ಅಗಲವಾಗಿದ್ದಷ್ಟೂ ಗಾಡಿ ಮಗುಚುವುದಿಲ್ಲ ಎಂಬುದು ನನ್ನ ಲೆಕ್ಕ. ಕೆಲವು ದಿನಗಳಲ್ಲೇ ಗಾಡಿ ಎಳೆಯಲು ಭಾರವೆನಿಸತೊಡಗಿತು. ಟೈರುಗಳ ಒಳ ಅಂಚು ಮಾತ್ರ ಸವೆದಿತ್ತು. ಟೇಪ್ ಹಿಡಿದು ಗಾಲಿಗಳ ನಡುವಿನ ಅಂತರ ಅಳೆದೆ: ನೆಲದ ಹತ್ತಿರ ಇರುವುದಕ್ಕಿಂತ ಮೇಲ್ಭಾಗದಲ್ಲಿ ಮೂರು ಸೆಂ.ಮೀ. ಕಡಿಮೆ. ಅಚ್ಚಿನ ಎರಡೂ ತುದಿಗಳು ಮೇಲಕ್ಕೆ ಬಾಗಿದ್ದವು.

ತಪ್ಪು ಸರಳಿನದಲ್ಲ, ನನ್ನದೇ. ಆಂಗಲ್‌ನಿಂದ ಗಾಲಿಯ ನಡುವಿನವರೆಗೆ 25 ಸೆಂ.ಮೀ. ಸರಳು ಆಧಾರವಿಲ್ಲದೆ ಚಾಚಿತ್ತು. 150 ಕೆ.ಜಿ. ಹೇರಿದರೆ ಪ್ರತಿ ಗಾಲಿಯ ಮೇಲೆ 75 ಕೆ.ಜಿ. ಬೀಳುತ್ತದೆ. ಅಷ್ಟು ದೂರದಲ್ಲಿ ಅಷ್ಟು ಭಾರವನ್ನು ಸಾದಾ ಉಕ್ಕಿನ 20 ಮಿ.ಮೀ. ಸರಳು ನಿಂತಲ್ಲಿ ಹೇಗೋ ತಡೆದೀತು, ಕಲ್ಲಿನ ಮೇಲೆ ಕುಕ್ಕಿದಾಗ ತಡೆಯಲಾರದು. ದಪ್ಪನೆಯ ಸರಳು ಹಾಕೋಣವೆಂದರೆ ಬೇರಿಂಗಿನ ತೂತು 20ರದ್ದೇ. ಹಾಗಾಗಿ ಹೊಸ ಸರಳು ತಂದು, ಆಂಗಲ್‌ಗಳನ್ನು ಹಲಗೆಯ ಅಂಚಿಗೇ ಸರಿಸಿ, ಗಾಲಿಗಳನ್ನು ಹಲಗೆಗೆ ತಾಗದಷ್ಟು ಒಳಕ್ಕೆ ತಂದೆ. ಈಗ ಚಾಚು ಎಂಟು ಸೆಂ.ಮೀ. ಮಾತ್ರ, ಬಾಗಿಸುವ ಬಲ ಮೂರನೇ ಒಂದಕ್ಕೆ ಇಳಿದಿದೆ. ಗಾಲಿಗಳ ಅಂತರ ಕಡಿಮೆಯಾದದ್ದರಿಂದ ಗೊನೆಗಳನ್ನು ಎತ್ತರಕ್ಕೆ ಪೇರಿಸುವುದನ್ನು ಬಿಟ್ಟಿದ್ದೇನೆ.

ಬಿಚ್ಚಿದ್ದು ಬಿಚ್ಚಿದ್ದಾಯಿತು ಎಂದು ಅಚ್ಚಿನ ಜಾಗವನ್ನೂ ಬದಲಿಸಿದೆ. ಮೊದಲು ಅದು ಹಲಗೆಯ ಸರಿ ನಡುವೆ ಇತ್ತು. ಸಮನೆಲದಲ್ಲಿ ಹಿಡಿಕೆ ಹೂವಿನಷ್ಟು ಹಗುರ. ಏರಿನಲ್ಲಿ ಮಾತ್ರ ಹೊರೆಯ ತೂಕ ಅಚ್ಚಿನ ಹಿಂದಕ್ಕೆ ವಾಲಿ, ಹಿಡಿಕೆ ಕೈಯಿಂದ ಮೇಲಕ್ಕೆ ಕಿತ್ತುಕೊಳ್ಳುತ್ತಿತ್ತು. ಈಗ ಅಚ್ಚು ನಡುವಿನಿಂದ ಎಂಟು ಸೆಂ.ಮೀ. ಹಿಂದಿದೆ. ಅಚ್ಚಿನಿಂದ ಹಿಡಿಕೆಗೆ 130 ಸೆಂ.ಮೀ. 150 ಕೆ.ಜಿ. ಹೊರೆಯನ್ನು ಸಮನಾಗಿ ಹರಡಿ, ಗಾಡಿಯನ್ನು ಮಟ್ಟಕ್ಕೆ ನಿಲ್ಲಿಸಿ, ಹಿಡಿಕೆಯನ್ನು ತೂಕದ ಯಂತ್ರದ ಮೇಲಿಟ್ಟು ನೋಡಿದರೆ ಹೊರೆಯಿಂದ ಬರುವ ಭಾರ ಒಂಬತ್ತು ಕೆ.ಜಿ. ಆಸುಪಾಸು. ಏರಿನಲ್ಲಿ ಅದು ಇನ್ನಷ್ಟು ಇಳಿಯುತ್ತದೆ, ಆದರೆ ಹಿಡಿಕೆ ಮೇಲೇಳುವುದಿಲ್ಲ.

ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ ಮತ್ತು ಬೋಲ್ಟಿನ ತೂತುಗಳಿಂದ. ಮೇಲ್ಮೈಗೆ ಎರಡು ಸಲ ಬಳಿದರೆ ಅವಕ್ಕೆ ನಾಲ್ಕು ಸಲ ಎನಾಮಲ್ ಬಳಿದೆ. ತೂತುಗಳೊಳಗೆ ಬಣ್ಣ ಹೋಗಲೆಂದು ಬೆಂಕಿಕಡ್ಡಿಗೆ ಹತ್ತಿ ಸುತ್ತಿಕೊಂಡಿದ್ದೆ.