ರಾಜ್ಯೋತ್ಸವದ ಬಾವುಟ ಸಾಲು ಕಟ್ಟುವುದು ಹೇಗೆ?

ನವೆಂಬರ್ 1ರಂದು ಯಾವ ಬಡಾವಣೆಗೆ ಹೋದರೂ ಒಂದೆರಡು ಬೀದಿಯಲ್ಲಾದರೂ ಕೆಂಪು ಮೇಲೆ, ಹಳದಿ ಕೆಳಗೆ ನೇತಾಡುತ್ತಿರುತ್ತದೆ. ಕನ್ನಡ ಬಾವುಟದಲ್ಲಿ ಹಳದಿ ಮೇಲೆ ಇರಬೇಕು, ಇದು ಎಲ್ಲರಿಗೂ ಗೊತ್ತು. ಆದರೂ ತಪ್ಪಾಗುವುದು ಏಣಿ ಹತ್ತಿದ ಮೇಲಲ್ಲ, ಅಂಗಡಿಯಲ್ಲೇ.

ಕೋಲಿಗೆ ಸಿಕ್ಕಿಸುವ ಬಾವುಟಕ್ಕೆ ಹೊಲಿದ ತೂತು ಪಕ್ಕದ ಅಂಚಿನಲ್ಲಿರುತ್ತದೆ. ಅದನ್ನೇ ತಂದು ಹಗ್ಗಕ್ಕೆ ಪೋಣಿಸಿದರೆ ಎರಡು ಬಣ್ಣವೂ ಅಡ್ಡಡ್ಡ ನಿಲ್ಲದೆ ಉದ್ದಕ್ಕೆ ಇಳಿಬೀಳುತ್ತವೆ. ಸಾಲಿಗೆ ಬೇಕಾದದ್ದು ಹಳದಿ ಅಂಚಿನಲ್ಲೇ ಮಡಿಕೆ ಹೊಲಿದ ಬಾವುಟ. ಬಟ್ಟೆಯದ್ದನ್ನೇ ತನ್ನಿ. ಪ್ಲಾಸ್ಟಿಕ್ ಬಾವುಟ, ಫ್ಲೆಕ್ಸ್ ಎರಡನ್ನೂ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಕೊಳ್ಳುವ ಮೊದಲು ಒದ್ದೆ ಕರವಸ್ತ್ರದಿಂದ ಕೆಂಪು ಭಾಗವನ್ನು ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬೇಡವೇ ಬೇಡ, ನವೆಂಬರ್ ಮಳೆ ಒಂದು ಸಲ ಬಂದರೆ ಸಾಕು, ಹಳದಿಯೂ ಕೆಂಪಾಗುತ್ತದೆ.

ಈಗ ಕಟ್ಟುವ ಕೆಲಸ. 30 ಅಡಿ ರಸ್ತೆ ಅಂದುಕೊಳ್ಳಿ. ಗಂಟಿಗೂ ಸೇರಿ 36 ಅಡಿ ನೈಲಾನ್ ಹಗ್ಗ ಬೇಕು. ಅಡಿಗೊಂದರಂತೆ 28 ಬಾವುಟ ಸಾಕು, ತುದಿಗಳಲ್ಲಿ ಒಂದೊಂದು ಅಡಿ ಖಾಲಿ ಬಿಡಿ. ಪೋಣಿಸಿ ಸುಮ್ನೆ ಬಿಟ್ಟರೆ ಗಾಳಿಗೆ ಎಲ್ಲಾ ಬಾವುಟ ಜಾರಿ ನಡುವಿಗೆ ಬಂದು ಗುಂಪಾಗುತ್ತವೆ. ಅದಕ್ಕೆ ಪ್ರತಿ ಬಾವುಟದ ಮೇಲಿನ ಎರಡೂ ಮೂಲೆಗೆ ಹಗ್ಗ ಸೇರಿಸಿ ಒಂದೊಂದು ಹೊಲಿಗೆ ಹಾಕಿ. ಸ್ಟೇಪ್ಲರ್ ಹೊಡೆಯುವವರೂ ಇದ್ದಾರೆ, ಮಳೆಯಲ್ಲಿ ಪಿನ್ ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗುತ್ತದೆ.

ಎದುರುಬದುರಿನ ಎರಡು ಮನೆಗಳ ತಾರಸಿಗೆ, ರಸ್ತೆಯಿಂದ 20 ಅಡಿ ಎತ್ತರದಲ್ಲಿ ಕಟ್ಟಿ. ಕರೆಂಟ್ ಕಂಬಕ್ಕೆ ಮಾತ್ರ ಯಾರು ಹೇಳಿದರೂ ಕಟ್ಟಬೇಡಿ, ತಂತಿಯ ಹತ್ತಿರವೂ ಬೇಡ. ಹಗ್ಗವನ್ನು ಬಿಗಿಯಾಗಿ ಎಳೆದು ನೇರ ಮಾಡುವ ಹಟ ಬಿಡಿ. ಒದ್ದೆಯಾದಾಗ ಭಾರ ಹೆಚ್ಚಿ, ಗಂಟು ಕಟ್ಟಿದ ಜಾಗದಲ್ಲೇ ಕಿತ್ತುಬರುತ್ತದೆ. ನಡುವೆ ಎರಡು ಅಡಿ ಜೋಲು ಬಿದ್ದರೆ ಚೆಂದ. ಆಗಲೂ 18 ಅಡಿ ಉಳಿಯುತ್ತದೆ, ಲಾರಿ ಆರಾಮಾಗಿ ಹೋಗುತ್ತದೆ. ಒಂದು ತುದಿಗೆ ಎಳೆದರೆ ಬಿಚ್ಚುವ ಗಂಟು ಹಾಕಿ, ಜೋರು ಮಳೆ ಬಂದರೆ ಇಳಿಸಬಹುದು, ಅಲ್ವಾ?

ಹೂವಿನ ವಿಚಾರ ಸುಲಭ. ಹಳದಿ ಚೆಂಡು ಹೂ, ನಡುನಡುವೆ ಮಾವಿನೆಲೆ. ಕೆಂಪು ಬಣ್ಣ ಬಾವುಟದಿಂದಲೇ ಸಿಗುತ್ತದೆ, ಬಣ್ಣ ಹಾಕಿದ ಹೂ ಜಾಸ್ತಿ ಆಯಿತು. ಹಿಂದಿನ ರಾತ್ರಿ ಪೋಣಿಸಿ ಒದ್ದೆ ಬಟ್ಟೆ ಮುಚ್ಚಿಡಿ, ನೀರು ಚಿಮುಕಿಸಬೇಡಿ, ಎಸಳು ಕಪ್ಪಾಗುತ್ತವೆ.

ವೇದಿಕೆಗೆ ಹಿಂದಿನ ಪರದೆ ಮೇಲರ್ಧ ಹಳದಿ, ಕೆಳಗರ್ಧ ಕೆಂಪು. ಭುವನೇಶ್ವರಿಯ ಚಿತ್ರ ಎರಡು ಬಣ್ಣ ಸೇರುವ ಗೆರೆಯ ಮೇಲೆ ಬರಲಿ. ಥರ್ಮಾಕೋಲ್ ಅಕ್ಷರ ಬೇಡ, ಗಾಳಿಗೆ ಮೊದಲು ಬೀಳುವುದು ಅದೇ. ಹೊಳೆಯುವ ಸ್ಯಾಟಿನ್ ಪರದೆಯೂ ಬೇಡ. ಫೋಕಸ್ ಲೈಟ್ ಬಿದ್ದರೆ ಫೋಟೋದಲ್ಲಿ ಹಳದಿ ಬೆಳ್ಳಗೆ ಕಾಣುತ್ತದೆ, ಕಾಟನ್‌ಗೆ ಆ ತೊಂದರೆ ಕಡಿಮೆ.