ಬಣ್ಣ ತೆಗೆದು ನೋಡಿದ ಮೇಲೆ ಹನಿ ಗೌರಾಮಿ ಸಿಕ್ಕಿತು

ಎರಡು ವರ್ಷ ಹನಿ ಗೌರಾಮಿ ಅನ್ನೋ ಅಕ್ವೇರಿಯಂ ಮೀನಿನ ಮರಿ ಮಾಡಿಸೋಕೆ ಒದ್ದಾಡಿದೆ. ಮೀನು, ಊಟ, ಹೀಟರ್ ಎಲ್ಲ ಸೇರಿ ಐದಾರು ಸಾವಿರ ಹೋಗಿರಬೇಕು. ಒಂದು ಮರಿ ಬರಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಜೋಡಿ ಹಾಕಿದ್ದ ಗಂಡು ಒಂದು ಜಾತಿ, ಹೆಣ್ಣು ಇನ್ನೊಂದು ಜಾತಿ. ಎರಡೂ ಒಂದೇ ಹಳದಿ ಬಣ್ಣ, ಅಷ್ಟೇ.

ನಮ್ಮ ಶಿವಮೊಗ್ಗಕ್ಕೆ ‘ಹನಿ’ ಅಂತ ಬರುವ ಹಳದಿ ಮರಿಗಳಲ್ಲಿ ಮೂರು ಜಾತಿ ಬೆರೆತಿರುತ್ತವೆ. ನಿಜವಾದ ಹನಿ, ಅಂದರೆ ಟ್ರೈಕೋಗ್ಯಾಸ್ಟರ್ ಚುನಾ, ನಮ್ಮ ದೇಶದ ಈಶಾನ್ಯದ ಕಡೆಯದು, ಎರಡು ಇಂಚಿನ ಆಸುಪಾಸಲ್ಲೇ ನಿಲ್ಲುತ್ತದೆ. ಎರಡನೆಯದು ಬರ್ಮಾದ ಥಿಕ್‌ಲಿಪ್ ಗೌರಾಮಿಯ ಗೋಲ್ಡ್ ತಳಿ. ಮೂರನೆಯದು ತ್ರೀ ಸ್ಪಾಟ್ ಗೌರಾಮಿಯ ಗೋಲ್ಡ್ ತಳಿ. ಕಾಡಿನ ಬಣ್ಣದಲ್ಲಿದ್ದರೆ ಇವನ್ನು ಕಣ್ಣು ಮುಚ್ಚಿ ಹೇಳಬಹುದು. ಸಾಕಿ ಹಳದಿ ಮಾಡಿದ ಮೇಲೆ ಪಟ್ಟೆ, ಚುಕ್ಕೆ ಎಲ್ಲ ಅಡಗಿ ಹೋಗುತ್ತದೆ. ಅದರ ಮೇಲೆ ಅಂಗಡಿಯ ಪಿಂಕ್ ಲೈಟ್ ಬೇರೆ.

ಹೋದ ಮಳೆಗಾಲ ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಹತ್ತು ಮೀನು ತರಿಸಿದೆ. ಸುಮಾರು 1200 ರೂಪಾಯಿ. ಈ ಸಲ ಫೋಟೋ ತೆಗೆದು, ಬಣ್ಣ ತೆಗೆದು, ಕಪ್ಪು ಬಿಳುಪಲ್ಲಿ ನೋಡ್ತೀನಿ ಅಂದೆ. ಸಾಗರದ ಹಿರಿಯ ಗೆಳೆಯರೊಬ್ಬರು, “ಬಣ್ಣಾನೇ ತೆಗೆದ್ಮೇಲೆ ಇನ್ನೇನ್ ನೋಡ್ತೀಯ ಮಾರಾಯ?” ಅಂದರು. ಬಣ್ಣ ಕಣ್ಣಿಗೆ ಬಿದ್ದರೆ ಆಕಾರ ಕಾಣಲ್ಲ. ನನ್ನ ವಾದ ಇದ್ದಿದ್ದೇ ಅದು.

ಮೊದಲ ವಾರದ ಫೋಟೋ ಎಲ್ಲ ದಂಡ. ಮಳೆ ಮೋಡಕ್ಕೆ ಮನೆಯೊಳಗೆ ಬೆಳಕಿಲ್ಲ, ಕರೆಂಟ್ ಇಲ್ಲ, ಮೀನು ಮಸುಕು. ಅದಕ್ಕಿಂತ ದೊಡ್ಡ ತಪ್ಪು, ಫೋಟೋ ತೆಗೆಯೋಕೆ ಮಾಡಿಸಿದ್ದ ಗಾಜಿನ ಡಬ್ಬ ನಾಲ್ಕು ಇಂಚು ಅಗಲ ಇತ್ತು. ಮೀನು ಓರೆಯಾಗಿ ನಿಲ್ಲುತ್ತಿತ್ತು. ಓರೆ ನಿಂತರೆ ಮೈ ಗಿಡ್ಡ ಕಾಣುತ್ತದೆ, ಅಳತೆ ಕೆಡುತ್ತದೆ. ಒಂದೇ ಮೀನನ್ನು ಮೂರು ಸಲ ಅಳೆದರೆ ಮೂರು ಲೆಕ್ಕ ಬಂತು. ಕೊನೆಗೆ ಒಂದೂವರೆ ಇಂಚು ಅಗಲದ ಡಬ್ಬ ಮಾಡಿಸಿದೆ, 350 ರೂಪಾಯಿ ಆಯಿತು. ಹಿಂದಿನಿಂದ ಒಂದು ಗಾಜಿನ ತುಂಡನ್ನು ಮೆಲ್ಲಗೆ ತಳ್ಳಿದರೆ ಮೀನು ಮುಂದಿನ ಗಾಜಿಗೆ ಸಮನಾಗಿ ನಿಲ್ಲುತ್ತದೆ. ಫೋನ್ ಹತ್ತಿರ ಹಿಡಿದರೆ ಮಧ್ಯದ ಭಾಗ ಉಬ್ಬಿ ಕಾಣುತ್ತದೆ. ಎರಡು ಅಡಿ ದೂರ ನಿಂತು ಝೂಮ್ ಮಾಡಿದೆ. ಮೀನು ಬೆನ್ನಿನ ಫಿನ್ ಪೂರ್ತಿ ಬಿಚ್ಚುವ ಹಾಗೆ ಮಾಡೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ.

ಪ್ರಿಂಟ್ ತೆಗೆದು ಸ್ಕೇಲ್ ಇಟ್ಟೆ. ಮೂತಿಯಿಂದ ಬಾಲದ ಬುಡದವರೆಗೆ ಒಂದು ಅಳತೆ. ಬಾಲದ ಫಿನ್ ಸೇರಿಸಬಾರದು, ಅದು ಹರಿದಿರುತ್ತೆ. ಬೆನ್ನಿನ ಫಿನ್ನಿನ ಬುಡದ ಉದ್ದ ಇನ್ನೊಂದು ಅಳತೆ. ಎರಡು ಮೀನಿಗೆ ಆ ಬುಡ ಮೈಯುದ್ದದ ಕಾಲು ಭಾಗಕ್ಕಿಂತ ಕಮ್ಮಿ ಬಂತು, ಉಳಿದ ಎಂಟಕ್ಕೆ ಅರ್ಧದ ಹತ್ತಿರ. ಆ ಎರಡು ತ್ರೀ ಸ್ಪಾಟ್. ಅನುಮಾನ ಬಂದರೆ ಬೆನ್ನಿನ ಫಿನ್ನಿನ ಮುಳ್ಳು ಎಣಿಸಿ. ತ್ರೀ ಸ್ಪಾಟ್‌ಗೆ ಆರರಿಂದ ಎಂಟು, ಹನಿಗೆ ಹದಿನೈದರ ಮೇಲೆ. ಬಲೂನ್ ತಳಿಯಲ್ಲಿ ಬೆನ್ನೆಲುಬೇ ಗಿಡ್ಡ, ಅಲ್ಲಿ ಅಳತೆ ನಂಬಬೇಡಿ, ಎಣಿಕೆ ನಂಬಿ.

ಹನಿಗೂ ಥಿಕ್‌ಲಿಪ್‌ಗೂ ಈ ಅಳತೆ ಕೆಲಸಕ್ಕೆ ಬರಲ್ಲ, ಎರಡರದ್ದೂ ಉದ್ದ ಬುಡ. ಬೆಳೆದ ಥಿಕ್‌ಲಿಪ್ ಗಂಡಿನ ಬೆನ್ನಿನ ಫಿನ್ ಹಿಂದೆ ಚೂಪಾಗಿ ಬಾಲದ ಮೇಲೆ ಚಾಚುತ್ತದೆ. ಹನಿಯದ್ದು ಅಷ್ಟು ಹಿಂದಕ್ಕೆ ಚಾಚಲ್ಲ. ಹೆಣ್ಣುಗಳಲ್ಲಿ ಆ ಗುರುತೂ ಇಲ್ಲ. ಇಲ್ಲೇ ನಾನು ತಿಂಗಳು ಸಿಕ್ಕಿಹಾಕಿಕೊಂಡೆ.

ದಾರಿ ಸಿಕ್ಕಿದ್ದು ಸುಮ್ನೆ ಮಾಡಿದ ಒಂದು ಪ್ರಯೋಗದಿಂದ. ರಾತ್ರಿಯಿಡೀ ಕತ್ತಲಲ್ಲಿದ್ದ ಮೀನಿಗೆ ಬೆಳಗ್ಗೆ ಲೈಟ್ ಹಾಕಿದ ತಕ್ಷಣ ಫೋಟೋ ತೆಗೆದೆ. ಹಳದಿ ಮಂಕಾಗಿರುತ್ತದೆ, ಅಡಗಿದ್ದ ಗುರುತು ಒಂದೆರಡು ನಿಮಿಷ ಕಾಣುತ್ತದೆ. ಕಪ್ಪು ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿದರೆ, ಹನಿಗೆ ಕಣ್ಣಿಂದ ಬಾಲದ ಕಡೆಗೆ ಅಡ್ಡಗೆರೆ ಒಂದು. ಥಿಕ್‌ಲಿಪ್‌ಗೆ ಮೇಲಿಂದ ಕೆಳಗೆ ಓರೆ ಪಟ್ಟೆಗಳು. ಲೈಟ್ ಹಾಕಿ ಹತ್ತು ನಿಮಿಷ ಬಿಟ್ಟು ತೆಗೆದ ಫೋಟೋದಲ್ಲಿ ಏನೂ ಇಲ್ಲ!

ಮೂರು ಹನಿ, ನಾಲ್ಕು ಥಿಕ್‌ಲಿಪ್, ಎರಡು ತ್ರೀ ಸ್ಪಾಟ್ ಅಂತ ಚೀಟಿ ಬರೆದು ಬೇರೆ ಬೇರೆ ಟ್ಯಾಂಕಿಗೆ ಹಾಕಿದೆ. ಆರು ತಿಂಗಳ ಮೇಲೆ ಹನಿಗಳು ಎರಡು ಇಂಚಿಗೂ ಬರಲಿಲ್ಲ, ಥಿಕ್‌ಲಿಪ್ ಮೂರಾಯಿತು, ತ್ರೀ ಸ್ಪಾಟ್ ನಾಲ್ಕರ ಹತ್ತಿರ. ಹನಿ ಗಂಡಿನ ಗಂಟಲು ಕಪ್ಪಾಗಿ, ಗುಳ್ಳೆ ಗೂಡು ಕಟ್ಟಿತು. ಅರವತ್ತರಷ್ಟು ಮರಿ ಉಳಿದವು. ಸಾಗರದವರು ಬಂದು ನೋಡಿ ಎಂಟು ಮರಿ ತಗೊಂಡು ಹೋದರು.

ಹತ್ತನೆಯದಕ್ಕೆ ಚೀಟಿ ಬರೆದಿಲ್ಲ. ಬೆಳಗಿನ ಫೋಟೋದಲ್ಲಿ ಅಡ್ಡಗೆರೆಯೂ ಇಲ್ಲ, ಪಟ್ಟೆಯೂ ಸರಿಯಾಗಿಲ್ಲ, ತುಟಿ ದಪ್ಪ, ಮೈ ಡ್ವಾರ್ಫ್ ಗೌರಾಮಿಯ ಹಾಗೆ ಎತ್ತರ. ಥಿಕ್‌ಲಿಪ್‌ಗೂ ಡ್ವಾರ್ಫ್‌ಗೂ ಬೆರಕೆ ಆಗುತ್ತೆ, ಇದು ಅದೇ ಅಂತ ನನ್ನ ಅನುಮಾನ. ಫೋಟೋದಲ್ಲಿ ಬೆರಕೆಯನ್ನು ಖಚಿತ ಮಾಡೋಕೆ ಆಗಲ್ಲ. ಅದನ್ನು ಮಾರಿಲ್ಲ, ಜೋಡಿಯೂ ಹಾಕಿಲ್ಲ, ಒಂದೇ ಇದೆ.